ವಾರಂಟಿಯೊಳಗೇ ಎಸಿ ಗ್ಯಾಸ್ ಮತ್ತೆ ಖಾಲಿ: ಕಂಪನಿಗೆ ದೂರು ಪತ್ರ ಹೇಗೆ ಬರೆಯಬೇಕು?

ಉಣಕಲ್ ಅಕ್ಕ (ಹುಬ್ಬಳ್ಳಿ)

ನಮಸ್ಕಾರ ಎಲ್ಲರಿಗೂ. ಒಂದು ಪತ್ರ ಬರೆಯಬೇಕಿದೆ, ತಿಳಿದವರು ಸಹಾಯ ಮಾಡಿ.

ಹೋದ ವರ್ಷ ಏಪ್ರಿಲ್‌ನಲ್ಲಿ ಇಲ್ಲೇ ಒಂದು ಶೋರೂಮಿನಿಂದ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ತಂದೆವು. ಮಾವನವರಿಗೆ ಹೃದಯದ ತೊಂದರೆ ಇದೆ, ಅವರ ಕೋಣೆಗೇ ಅಂತ ಹಾಕಿಸಿದ್ದು. ಫಿಟ್ಟಿಂಗ್ ಮಾಡಿದ್ದೂ ಕಂಪನಿ ಕಳಿಸಿದವರೇ. ಅಕ್ಟೋಬರ್‌ನಲ್ಲಿ ಬಿಸಿಲು ಬಂದಾಗ ನೋಡಿದರೆ ಫ್ಯಾನಿನ ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಸರ್ವಿಸ್ ಹುಡುಗ ಬಂದು "ಗ್ಯಾಸ್ ಹೋಗಿದೆ" ಅಂದ, ತುಂಬಿದ, ಹೋದ. ಚಳಿಗಾಲದಲ್ಲಿ ಎಸಿ ಹಾಕಲೇ ಇಲ್ಲ. ಈಗ ಮಾರ್ಚ್ ಬಂತು, ಮತ್ತೆ ಅದೇ ಕಥೆ.

ಫೋನ್ ಮಾಡಿದರೆ "ಗ್ಯಾಸ್ ಕೆಲಸಕ್ಕೆ 30 ದಿನ ಮಾತ್ರ ಗ್ಯಾರಂಟಿ, ಇದು ಹೊಸ ದೂರು, ಹುಡುಗ ಬಂದು ಗ್ಯಾಸ್ ಹಾಕುತ್ತಾನೆ" ಅನ್ನುತ್ತಾರೆ. ವಾರಂಟಿ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಈಗ ಗ್ಯಾಸ್ ಹಾಕಿ ಹೋದರೆ ಮೇ ತಿಂಗಳಲ್ಲಿ ಮತ್ತೆ ಖಾಲಿ ಆಗುತ್ತದೆ, ಆಗ ದುಡ್ಡು ನಮ್ಮದು. ನಾನು ಹೀಗೆ ಬರೆದಿದ್ದೇನೆ:

"ನಿಮ್ಮ ಕಂಪನಿಯ ಸರ್ವಿಸ್ ಬಹಳ ಕೆಟ್ಟದಾಗಿದೆ. ಎಷ್ಟು ಸಲ ಫೋನ್ ಮಾಡಿದರೂ ಸರಿಯಾದ ಉತ್ತರ ಇಲ್ಲ. ನಮಗೆ ತುಂಬಾ ತೊಂದರೆಯಾಗಿದೆ. ದಯವಿಟ್ಟು ಬೇಗ ಸರಿ ಮಾಡಿಕೊಡಿ."

ಇಷ್ಟು ಸಾಕಾ? ಇನ್ನೇನು ಸೇರಿಸಬೇಕು?

ಗದಗಿನವ

ಅಕ್ಕಾರೆ, ಗ್ಯಾಸ್ ಅಂದ ಮೇಲೆ ಖಾಲಿ ಆಗೇ ಆಗುತ್ತದೆ. ವರ್ಷಕ್ಕೊಮ್ಮೆ ತುಂಬಿಸಬೇಕು. ನಮ್ಮ ಅಂಗಡಿಯಲ್ಲಿ ಪ್ರತಿ ಬೇಸಿಗೆ ತುಂಬಿಸುತ್ತೇವೆ. ಇದಕ್ಕೆ ಯಾಕೆ ಪತ್ರ?

ಹಳೇ ಮೆಕ್ಯಾನಿಕ್ (ಗೋಕುಲ ರೋಡ್)

@ಗದಗಿನವ, ಹಾಗಲ್ಲ ತಮ್ಮಾ. ಎಸಿ ಒಳಗಿನ ಗ್ಯಾಸ್ ಉರಿದು ಹೋಗುವಂಥದ್ದಲ್ಲ. ತಾಮ್ರದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ, ಅಷ್ಟೇ. ಜೋಡಣೆ ಗಟ್ಟಿ ಇದ್ದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಕಡಿಮೆ ಆಗಿದೆ ಅಂದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ನಿಮ್ಮ ಅಂಗಡಿಯದೂ ಲೀಕ್ ಇರಬೇಕು, ಪ್ರತಿ ವರ್ಷ ಸುಮ್ನೆ ದುಡ್ಡು ಕೊಡುತ್ತಿದ್ದೀರಿ.

ಅಕ್ಕಾರೆ, ನಿಮ್ಮ ಪತ್ರದಲ್ಲಿ ಮುಖ್ಯ ಮಾತೇ ಬಂದಿಲ್ಲ. ಅಕ್ಟೋಬರ್‌ನಲ್ಲಿ ಬಂದವನು ರಿಪೇರಿ ಮಾಡಿಲ್ಲ, ಗ್ಯಾಸ್ ತುಂಬಿದ್ದಾನೆ ಅಷ್ಟೇ. ತೂತು ಅಲ್ಲೇ ಉಳಿದಿದೆ. ಹಾಗಾಗಿ ಇದು ಎರಡನೇ ದೋಷ ಅಲ್ಲ, ಅಕ್ಟೋಬರ್‌ದೇ ದೋಷ ಇನ್ನೂ ಮುಗಿದಿಲ್ಲ. ಇದನ್ನು ಪತ್ರದ ಮೊದಲ ಸಾಲಿನಲ್ಲೇ ಹೇಳಬೇಕು. ಆಗ ಆ 30 ದಿನದ ಮಾತು ನಿಲ್ಲುವುದಿಲ್ಲ.

ಅಕ್ಟೋಬರ್‌ನ ಜಾಬ್ ಶೀಟ್ ಇದೆಯಾ? ಅದರಲ್ಲಿ ಏನು ಬರೆದಿದ್ದಾನೆ ಅಂತ ಇದ್ದದ್ದು ಇದ್ದ ಹಾಗೆ ಇಲ್ಲಿ ಹಾಕಿ.

ಉಣಕಲ್ ಅಕ್ಕ

ಸರ್, ಪೇಪರ್ ಕೊಟ್ಟಿಲ್ಲ, ಮೊಬೈಲಿಗೆ ಬಂದಿತ್ತು. "ಗ್ಯಾಸ್ ಚಾರ್ಜಿಂಗ್ ಡನ್, ಯೂನಿಟ್ ವರ್ಕಿಂಗ್ ಓಕೆ" ಅಂತಿದೆ. ಲೀಕ್ ಅನ್ನೋ ಪದವೇ ಇಲ್ಲ. ಒಟಿಪಿ ಕೇಳಿದ, ಕೊಟ್ಟೆವು, ಕಂಪ್ಲೇಂಟ್ ಕ್ಲೋಸ್ ಆಯ್ತು.

ಹಾವೇರಿ ಮಾಸ್ತರ

ನಮ್ಮ ಮನೆಯದೂ ಇದೇ ಸಮಸ್ಯೆ. ಒಳಗಿನ ಯೂನಿಟ್‌ನಿಂದ ಗೋಡೆ ಮೇಲೆ ನೀರು ಸುರಿಯುತ್ತದೆ. ಸರ್ವಿಸ್ ಮಾಡಿಸಿದ ಹದಿನೈದು ದಿನಕ್ಕೆ ಮತ್ತೆ ಶುರು.

ಹಳೇ ಮೆಕ್ಯಾನಿಕ್ (ಗೋಕುಲ ರೋಡ್)

ಮಾಸ್ತರೇ, ನಿಮ್ಮದು ಬೇರೆ. ಅದು ಡ್ರೇನ್ ಪೈಪ್ ಕಟ್ಟಿರುವುದು, ಇಲ್ಲವೇ ಯೂನಿಟ್ ಓರೆಯಾಗಿ ಕೂತಿರುವುದು. ಪೈಪಿನ ಹೊರಗಿನ ತುದಿ ನೀರಿನ ಬಕೆಟ್ಟಿನಲ್ಲಿ ಮುಳುಗಿದ್ದರೂ ಹಾಗಾಗುತ್ತದೆ. ಮೊದಲು ಅದನ್ನು ನೋಡಿ. ಬೇಕಾದರೆ ಬೇರೆ ವಿಷಯ ಶುರು ಮಾಡಿ, ಅಲ್ಲಿ ಹೇಳುತ್ತೇನೆ.

ನವನಗರ ಹುಡುಗ

ವಾರಂಟಿಯಲ್ಲಿ ಒಂದೇ ದೋಷ ಎರಡು ಸಲ ಬಂದರೆ ಹೊಸ ಎಸಿ ಕೊಡಲೇಬೇಕು, ಕಾನೂನಿದೆ. ಪತ್ರಗಿತ್ರ ಬೇಡ ಅಕ್ಕ, ನೇರ ಗ್ರಾಹಕರ ಕೋರ್ಟಿಗೆ ಹೋಗಿ.

ಮಾಳಮಡ್ಡಿ ಕಾಕಾ (ಧಾರವಾಡ)

ಎರಡು ಸಲ ಕೆಟ್ಟರೆ ಹೊಸದು ಅಂತ ಲೆಕ್ಕ ಹಾಕಿ ಹೇಳುವ ಕಾನೂನು ಇಲ್ಲಪ್ಪಾ. ನಾನು ಬಹಳ ವರ್ಷ ವಕೀಲರ ಆಫೀಸಿನಲ್ಲಿ ಕೆಲಸ ಮಾಡಿದವನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಆಯೋಗ ದೋಷ ಸರಿಪಡಿಸಲು ಹೇಳಬಹುದು, ಬದಲಿ ಕೊಡಿಸಬಹುದು, ದುಡ್ಡು ವಾಪಸ್ ಕೊಡಿಸಬಹುದು, ಪರಿಹಾರವನ್ನೂ ಕೊಡಿಸಬಹುದು. ಯಾವುದು ಅನ್ನುವುದು ದಾಖಲೆ ನೋಡಿ ಅವರು ತೀರ್ಮಾನಿಸುತ್ತಾರೆ.

ಆದರೆ ಹುಡುಗ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ದಾರಿ ಕಷ್ಟದ್ದೇನಲ್ಲ. ಕಂಪನಿಯ ಹೆಡ್ ಆಫೀಸ್ ಎಲ್ಲೇ ಇರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಕ್ಕನವರಿಗೆ ಅದು ಧಾರವಾಡ ಜಿಲ್ಲಾ ಆಯೋಗ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಫೀ ಇಲ್ಲ. ಕಾರಣ ಹುಟ್ಟಿದಾಗಿನಿಂದ ಎರಡು ವರ್ಷದ ಸಮಯ ಇದೆ. ಹಾಗಾಗಿ ಏಪ್ರಿಲ್ 5 ಬಂತು ಅಂತ ಗಾಬರಿ ಬೇಡ. ಆದರೆ ಆ ದಿನದೊಳಗೆ ಬರವಣಿಗೆಯಲ್ಲಿ ದೂರು ಮುಟ್ಟಿರಬೇಕು. ಮುಂದೆ ಆಯೋಗದಲ್ಲಿ ಮೊದಲು ಕೇಳುವುದು ಅದನ್ನೇ, "ಕಂಪನಿಗೆ ಬರೆದು ತಿಳಿಸಿದ್ದಿರಾ?" ಅಂತ.

ಗದಗಿನವ

ಕಾಕಾ, ನಮ್ಮ ಅಂಗಡಿ ಎಸಿಗೂ ಹೀಗೆ ದೂರು ಕೊಡಬಹುದಾ?

ಮಾಳಮಡ್ಡಿ ಕಾಕಾ (ಧಾರವಾಡ)

ವ್ಯಾಪಾರಕ್ಕೆ ಅಂತ ಕೊಂಡಿದ್ದಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಸ್ವಂತ ದುಡಿದು ಹೊಟ್ಟೆ ಹೊರೆಯುವ ಸಣ್ಣ ಅಂಗಡಿಯಾದರೆ ಬಿಡುವು ಇದೆ. ನಿಮ್ಮದು ಯಾವುದರಲ್ಲಿ ಬರುತ್ತದೆ ಅಂತ ಕಾಗದ ನೋಡದೆ ಹೇಳಲಾರೆ.

ಕೇಶ್ವಾಪುರ ರೇಖಾ

ಕಾನೂನು ಆಮೇಲೆ. ನನಗೊಂದು ಅನುಮಾನ. ಗ್ಯಾಸೇ ಕಡಿಮೆ ಆಗಿದೆ ಅಂತ ಈ ಸಲ ಹೇಗೆ ಗೊತ್ತಾಯ್ತು? ಫಿಲ್ಟರ್ ಕಟ್ಟಿಕೊಂಡರೂ ತಣ್ಣಗಾಗುವುದಿಲ್ಲ ಅಲ್ವಾ? ಅದೇ ದೋಷ ಅಂತ ಪತ್ರದಲ್ಲಿ ಬರೆದು, ಅವರು ಬಂದು "ಮೇಡಂ, ಇದು ಧೂಳು" ಅಂದರೆ ಪತ್ರಕ್ಕೆ ಬೆಲೆ ಇರುವುದಿಲ್ಲ.

ಹಳೇ ಮೆಕ್ಯಾನಿಕ್ (ಗೋಕುಲ ರೋಡ್)

ಒಳ್ಳೇ ಪ್ರಶ್ನೆ ಕೇಳಿದಿರಿ ತಂಗಿ. ಮನೆಯಲ್ಲೇ ನೋಡಬಹುದು. ಮೊದಲು ಫಿಲ್ಟರ್ ತೊಳೆದು ಒಣಗಿಸಿ ಹಾಕಿ. ಎಸಿಯನ್ನು 18ಕ್ಕೆ ಇಟ್ಟು ಇಪ್ಪತ್ತು ನಿಮಿಷ ಓಡಲಿ. ಆಮೇಲೆ ಹೊರಗಿನ ಯೂನಿಟ್ ಹತ್ತಿರ ಹೋಗಿ. ಪಕ್ಕದಲ್ಲಿ ಎರಡು ತಾಮ್ರದ ಪೈಪ್ ಸೇರುತ್ತವೆ, ಒಂದು ಸಣ್ಣದು, ಒಂದು ದಪ್ಪ. ಗ್ಯಾಸ್ ಸರಿ ಇದ್ದಾಗ ದಪ್ಪ ಪೈಪೂ ತಣ್ಣಗಿದ್ದು ಬೆವರುತ್ತದೆ. ಗ್ಯಾಸ್ ಕಡಿಮೆ ಆದಾಗ ಸಣ್ಣ ಪೈಪಿನ ನಟ್ ಮೇಲೆ ಬಿಳಿ ಮಂಜು ಕಟ್ಟುತ್ತದೆ, ದಪ್ಪ ಪೈಪ್ ಒಣಗಿರುತ್ತದೆ. ಒಳಗಿನ ಮುಚ್ಚಳ ಎತ್ತಿ ನೋಡಿದರೆ ಕಾಯಿಲ್‌ನ ಒಂದು ಭಾಗ ಮಾತ್ರ ಒದ್ದೆ ಅಥವಾ ಮಂಜು, ಉಳಿದದ್ದು ಒಣ. ಫಿಲ್ಟರ್ ಕಟ್ಟಿ ಗಾಳಿ ಕಡಿಮೆಯಾದರೂ ಮಂಜು ಬರುತ್ತದೆ, ಆದರೆ ಆಗ ದಪ್ಪ ಪೈಪ್ ವರೆಗೂ ಬರುತ್ತದೆ. ಅದಕ್ಕೇ ಮೊದಲು ಫಿಲ್ಟರ್ ತೊಳೆಯಿರಿ ಅಂದದ್ದು.

ಥರ್ಮಾಮೀಟರ್ ಇದ್ದರೆ ಯೂನಿಟ್ ಮೇಲೆ ಒಳಹೋಗುವ ಗಾಳಿ, ಕೆಳಗೆ ಹೊರಬರುವ ಗಾಳಿ, ಎರಡನ್ನೂ ಅಳೆಯಿರಿ. ಸರಿ ಇರುವ ಎಸಿಯಲ್ಲಿ ಹತ್ತು ಡಿಗ್ರಿ ಆಸುಪಾಸು ವ್ಯತ್ಯಾಸ ಬರಬೇಕು. ವಿಡಿಯೋ ಮಾಡಿಟ್ಟುಕೊಳ್ಳಿ. ನಟ್ ಮುಟ್ಟಬೇಡಿ, ಬಿಚ್ಚಬೇಡಿ. ಹೊರಗಿನ ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಿದರಂತೂ ವಾರಂಟಿ ಇಲ್ಲ ಅನ್ನೋಕೆ ಅವರಿಗೆ ಕಾರಣ ಸಿಕ್ಕಂತೆ.

ಉಣಕಲ್ ಅಕ್ಕ

ಈಗಷ್ಟೇ ನೋಡಿ ಬಂದೆ ಸರ್. ಫಿಲ್ಟರ್ ಮೊದಲೇ ತೊಳೆದಿತ್ತು. ಸಣ್ಣ ಪೈಪಿನ ನಟ್ ಮೇಲೆ ಉಪ್ಪಿನ ಹಾಗೆ ಬಿಳಿ ಪದರ. ದಪ್ಪ ಪೈಪ್ ಬೆಚ್ಚಗಿದೆ. ಒಳಹೋಗುವ ಗಾಳಿ 31, ಹೊರಬರುವುದು 27. ಮಗ ಎಲ್ಲಾ ವಿಡಿಯೋ ಮಾಡಿದ.

ಒಂದು ಮಾತು ಕೇಳಬೇಕಿತ್ತು. ನಮ್ಮ ಮನೆ ಹಿಂದೆಯೇ ಉಣಕಲ್ ನಾಲಾ ಹರಿಯುತ್ತದೆ. ಅದರ ವಾಸನೆಗೆ ತಾಮ್ರ ಹಾಳಾಗುತ್ತದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಇದನ್ನೂ ಪತ್ರದಲ್ಲಿ ಬರೆಯಲಾ?

ಹಳೇ ಮೆಕ್ಯಾನಿಕ್ (ಗೋಕುಲ ರೋಡ್)

ಅವರು ಹೇಳುವುದು ಸುಳ್ಳಲ್ಲ. ಗಟಾರದ ಗ್ಯಾಸಿಗೆ ತಾಮ್ರ ಕಪ್ಪಾಗಿ ತಿನ್ನುತ್ತಾ ಹೋಗುತ್ತದೆ, ಸೂಜಿ ಮೊನೆಯಂಥ ತೂತು ಬೀಳುತ್ತದೆ. ಆದರೆ ನಿಮ್ಮಲ್ಲಿ ಅದೇ ಆಗಿದೆ ಅಂತ ಯಾರಿಗೆ ಗೊತ್ತು? ಫಿಟ್ಟಿಂಗ್ ಮಾಡುವಾಗ ಪೈಪಿನ ಬಾಯಿ ಸರಿಯಾಗಿ ಅರಳಿಸದಿದ್ದರೆ, ಫ್ಲೇರ್ ನಟ್ ಸಡಿಲ ಇದ್ದರೆ, ಇಲ್ಲಾ ಅತಿಯಾಗಿ ಬಿಗಿದು ಸೀಳಿದ್ದರೂ ಹೀಗೇ ಆಗುತ್ತದೆ. ನಾನು ನೋಡಿದ ಹೊಸ ಎಸಿಗಳ ಲೀಕ್ ಬಹಳಷ್ಟು ನಟ್‌ನಲ್ಲೇ ಇರುತ್ತಿತ್ತು. ಹಾಗಾದರೆ ಅದು ಅವರ ಫಿಟ್ಟಿಂಗಿನ ತಪ್ಪು. ಕಾರಣ ನೀವು ಬರೆಯಬೇಡಿ. ತೂತು ಎಲ್ಲಿದೆ ಅಂತ ಹುಡುಕಿ ಬರೆದುಕೊಡುವುದು ಅವರ ಕೆಲಸ.

ಕೇಶ್ವಾಪುರ ರೇಖಾ

ನಾಲಾ ವಿಷಯ ಮುಚ್ಚಿಡುವುದು ಸರಿಯಾ? ನಾಳೆ ಅವರೇ ಬಂದು ನೋಡುತ್ತಾರಲ್ಲ.

ಮಾಳಮಡ್ಡಿ ಕಾಕಾ (ಧಾರವಾಡ)

ಮುಚ್ಚಿಡುವ ಪ್ರಶ್ನೆಯೇ ಇಲ್ಲ ತಾಯಿ. ಫಿಟ್ಟಿಂಗಿಗೆ ಬಂದಾಗಲೇ ಅವರ ಕಣ್ಣ ಮುಂದೆ ನಾಲಾ ಇತ್ತು. ಗೊತ್ತಿಲ್ಲದ ಕಾರಣವನ್ನು ನಾವೇ ಊಹಿಸಿ ಬರೆದುಕೊಡುವುದು ಬೇಡ ಅಂತಷ್ಟೇ. ಕೇಳಿದರೆ ಇದ್ದದ್ದು ಹೇಳಿ.

ಉಣಕಲ್ ಅಕ್ಕ

ಸರಿ ಕಾಕಾ. ಹಾಗಾದರೆ ಅವರಿಂದ ಏನು ಕೇಳಬೇಕು? ಹೊಸ ಎಸಿ ಕೇಳಲಾ, ರಿಪೇರಿ ಕೇಳಲಾ?

ನವನಗರ ಹುಡುಗ

ಹೊಸದು ಕೇಳಿ ಅಕ್ಕ. ಕಮ್ಮಿ ಕೇಳಿದರೆ ಇನ್ನೂ ಕಮ್ಮಿ ಕೊಡುತ್ತಾರೆ.

ಹಳೇ ಮೆಕ್ಯಾನಿಕ್ (ಗೋಕುಲ ರೋಡ್)

ನನ್ನ ಮಾತು ಬೇರೆ. ಬರೀ "ಹೊಸದು ಕೊಡಿ" ಅಂದರೆ "ಪಾಲಿಸಿ ಇಲ್ಲ" ಅಂತ ಒಂದು ಸಾಲಿನ ಉತ್ತರ ಬರುತ್ತದೆ, ವಿಷಯ ಅಲ್ಲಿಗೆ ಮುಗಿಯಿತು. ಕೆಲಸವನ್ನು ಹೆಸರು ಹಿಡಿದು ಕೇಳಿದರೆ ಅವರು ಮಾಡಬೇಕು, ಇಲ್ಲಾ ಯಾಕೆ ಮಾಡುವುದಿಲ್ಲ ಅಂತ ಬರೆಯಬೇಕು.

ಕೆಲಸ ಹೀಗಿದೆ. ಮೊದಲು ಉಳಿದ ಗ್ಯಾಸ್ ತೆಗೆಯಬೇಕು. ಆಮೇಲೆ ನೈಟ್ರೋಜನ್ ತುಂಬಿ ಒತ್ತಡ ಏರಿಸಿ ಗೇಜ್ ಹಚ್ಚಿ ಬಿಡಬೇಕು. ಕೆಲವು ಗಂಟೆ ಬಿಟ್ಟರೂ ಮುಳ್ಳು ಇಳಿಯಬಾರದು. ಇಳಿದರೆ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿದಾಗ ಗುಳ್ಳೆ ಎದ್ದ ಜಾಗವೇ ತೂತು. ಹೊರಗೆ ಎಲ್ಲೂ ಗುಳ್ಳೆ ಇಲ್ಲದಿದ್ದರೆ ಒಳಗಿನ ಕಾಯಿಲ್, ಹೊರಗಿನ ಕಾಯಿಲ್ ಬೇರೆ ಬೇರೆ ಮಾಡಿ ಪರೀಕ್ಷಿಸಬೇಕು. ನಟ್ ಆದರೆ ಪೈಪಿನ ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿದರೆ ಸಾಕು. ಕಾಯಿಲ್ ಆದರೆ ಕಾಯಿಲ್ಲೇ ಬದಲಿಸಲಿ. ತೇಪೆ ಹಾಕಿದ ಕಾಯಿಲ್ ಇನ್ನೊಂದು ಕಡೆ ಬಿಡುತ್ತದೆ. ಕೊನೆಗೆ ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಎಳೆದು, ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು ಗ್ಯಾಸ್ ಹಾಕಬೇಕು. ಎಷ್ಟು ಗ್ರಾಂ ಅಂತ ಹೊರಗಿನ ಯೂನಿಟ್‌ನ ಚೀಟಿಯಲ್ಲೇ ಅಚ್ಚಾಗಿರುತ್ತದೆ. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರ್ ವೇಗ ಬದಲಾಗುತ್ತಾ ಇರುತ್ತದೆ, ಬರೀ ಗೇಜ್ ನೋಡಿ ಹಾಕಿದರೆ ಅಂದಾಜು ತಪ್ಪುತ್ತದೆ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಯಾರಾದರೂ ನೈಟ್ರೋಜನ್ ಬದಲು ವೆಲ್ಡಿಂಗ್ ಆಕ್ಸಿಜನ್ ಸಿಲಿಂಡರ್ ತಂದರೆ ಕೂಡಲೇ ನಿಲ್ಲಿಸಿ, ಹೊರಗೆ ಕಳಿಸಿ. ಕಂಪ್ರೆಸರ್ ಎಣ್ಣೆ ಇರುವ ಪೈಪಿಗೆ ಒತ್ತಡದ ಆಕ್ಸಿಜನ್ ಹೋದರೆ ಸಿಡಿಯುತ್ತದೆ.

ಸರ್ವಿಸ್‌ನಲ್ಲಿದ್ದೆ

ನಾನು ಒಂದು ಸರ್ವಿಸ್ ಏಜೆನ್ಸಿಯಲ್ಲಿ ಕೆಲಸ ಮಾಡಿದವನು. ಹುಡುಗರನ್ನು ಬೈಯುವ ಮುನ್ನ ಇದನ್ನೂ ಕೇಳಿ. ನಮಗೆ ಕಾಲ್ ಲೆಕ್ಕದಲ್ಲಿ ದುಡ್ಡು. ಬೇಸಿಗೆಯಲ್ಲಿ ಬೆಳಗಾದರೆ ಫೋನ್ ತುಂಬಾ ಕಾಲ್. ನೈಟ್ರೋಜನ್ ಹಚ್ಚಿ ಗಂಟೆಗಟ್ಟಲೆ ಕಾದರೆ ಉಳಿದವರು ಬೈಯುತ್ತಾರೆ. ಗ್ಯಾಸ್ ಹಾಕಿದರೆ ಗಂಟೆಯಲ್ಲಿ ತಣ್ಣಗಾಗುತ್ತದೆ, ಒಟಿಪಿ ಸಿಗುತ್ತದೆ. ಕಾಯಿಲ್ ಬದಲಿಸುವುದು ನಮ್ಮ ಕೈಯಲ್ಲಿರಲಿಲ್ಲ. ಗುಳ್ಳೆ ಎದ್ದ ಫೋಟೋ, ಸೀರಿಯಲ್ ನಂಬರಿನ ಫೋಟೋ ಕಳಿಸಿದ ಮೇಲೆ ಮೇಲಿನವರು ಒಪ್ಪಬೇಕಿತ್ತು.

ಹಾಗಾಗಿ ಅಕ್ಕ, ಪತ್ರ ಏಜೆನ್ಸಿಗೆ ಮಾತ್ರ ಕಳಿಸಬೇಡಿ. ಎಸಿ ತಯಾರಿಸಿದ ಕಂಪನಿಯ ಗ್ರಾಹಕ ಸೇವೆ ಮುಖ್ಯಸ್ಥರ ಹೆಸರಿಗೆ ಬರೆಯಿರಿ, ಏಜೆನ್ಸಿಗೂ ಶೋರೂಮಿಗೂ ಪ್ರತಿ ಹಾಕಿ. ಮತ್ತೆ ಕೆಲಸ ಮುಗಿದು, ಶೀಟ್ ಓದಿ ನೋಡುವ ತನಕ ಒಟಿಪಿ ಕೊಡಬೇಡಿ.

ಹಳೇ ಮೆಕ್ಯಾನಿಕ್ (ಗೋಕುಲ ರೋಡ್)

ಕಾಲ್ ಲೆಕ್ಕ ನಿಜ ತಮ್ಮಾ, ಒಪ್ಪಿದೆ. ಆದರೆ ಲೀಕ್ ಹುಡುಕಿಲ್ಲ ಅಂತ ಶೀಟಿನಲ್ಲಿ ಒಂದು ಸಾಲು ಬರೆಯೋಕೆ ಎಷ್ಟು ಹೊತ್ತು ಬೇಕು?

ಸರ್ವಿಸ್‌ನಲ್ಲಿದ್ದೆ

ಬರೆದರೆ ಕಾಲ್ ಕ್ಲೋಸ್ ಆಗುವುದಿಲ್ಲ ಸರ್. ಕ್ಲೋಸ್ ಆಗದಿದ್ದರೆ ದುಡ್ಡಿಲ್ಲ.

ಧಾರವಾಡ ಮಳೆ

ನಮ್ಮ ಊರಲ್ಲಿ ಹಿಂದೆ ಫ್ಯಾನೇ ಬೇಕಾಗುತ್ತಿರಲಿಲ್ಲ. ಈಗ ಸಪ್ತಾಪುರದಲ್ಲೂ ಮನೆಮನೆಗೆ ಎಸಿ. ಗಿಡಗಳನ್ನೆಲ್ಲ ಕಡಿದದ್ದಕ್ಕೆ ಇದೆಲ್ಲ.

ಕೇಶ್ವಾಪುರ ರೇಖಾ

ಅದು ದೊಡ್ಡ ಚರ್ಚೆ, ಇನ್ನೊಂದು ದಿನ ಮಾಡೋಣ. ಅಕ್ಕನ ಪತ್ರ ಮೊದಲು ಮುಗಿಯಲಿ.

ಉಣಕಲ್ ಅಕ್ಕ

ನೀವೆಲ್ಲ ಹೇಳಿದ್ದನ್ನು ಸೇರಿಸಿ ಹೊಸದಾಗಿ ಬರೆದಿದ್ದೇನೆ. ನಂಬರ್‌ಗಳ ಜಾಗ ಇಲ್ಲಿ ಖಾಲಿ ಬಿಟ್ಟಿದ್ದೇನೆ.

"ಮಾನ್ಯರೇ,

ವಿಷಯ: ಅಕ್ಟೋಬರ್ 2025ರ ಗ್ಯಾಸ್ ಸೋರಿಕೆ ದೋಷ ಸರಿಯಾಗದೆ ವಾರಂಟಿ ಅವಧಿಯಲ್ಲೇ ಮರುಕಳಿಸಿರುವುದು. ಬಿಲ್ ಸಂಖ್ಯೆ ..., ಮಾಡೆಲ್ ..., ಒಳ ಮತ್ತು ಹೊರ ಯೂನಿಟ್‌ಗಳ ಸೀರಿಯಲ್ ಸಂಖ್ಯೆ ...

ಈ ಎಸಿಯನ್ನು 6-4-2025ರಂದು ಕೊಂಡೆವು. ಅಳವಡಿಸಿದ್ದು ನೀವು ಕಳಿಸಿದ ಸಿಬ್ಬಂದಿ. 14-10-2025ರಂದು ತಂಪಾಗದ ಬಗ್ಗೆ ದೂರು ಕೊಟ್ಟೆವು (ದೂರು ಸಂಖ್ಯೆ ...). ನಿಮ್ಮ ತಂತ್ರಜ್ಞರು ಗ್ಯಾಸ್ ಇಲ್ಲ ಎಂದು ಹೇಳಿ ಗ್ಯಾಸ್ ತುಂಬಿದರು. ಗ್ಯಾಸ್ ಎಲ್ಲಿಂದ ಹೋಯಿತು ಎಂದು ಹುಡುಕಿದ್ದಾಗಲಿ, ಸರಿಪಡಿಸಿದ್ದಾಗಲಿ ಅವರ ವರದಿಯಲ್ಲಿ ಇಲ್ಲ. 3-3-2026ರಂದು ಅದೇ ದೋಷ ಮತ್ತೆ ಕಂಡು ದೂರು ಕೊಟ್ಟಿದ್ದೇವೆ (ದೂರು ಸಂಖ್ಯೆ ...). ಸಣ್ಣ ಪೈಪಿನ ನಟ್ ಮೇಲೆ ಮಂಜು ಕಟ್ಟುತ್ತಿದೆ. ಒಳಹೋಗುವ ಗಾಳಿ 31 ಡಿಗ್ರಿ, ಹೊರಬರುವ ಗಾಳಿ 27 ಡಿಗ್ರಿ ಇದೆ. ವಿಡಿಯೋ ಲಗತ್ತಿಸಿದೆ.

ಇದು ಹೊಸ ದೋಷವಲ್ಲ. ಅಕ್ಟೋಬರ್‌ನ ದೋಷವೇ ಉಳಿದುಕೊಂಡಿದೆ. ಆದ್ದರಿಂದ ಗ್ಯಾಸ್ ಕೆಲಸದ 30 ದಿನದ ಮಿತಿ ಇದಕ್ಕೆ ಅನ್ವಯಿಸುವುದಿಲ್ಲ.

ನೈಟ್ರೋಜನ್ ಒತ್ತಡ ಪರೀಕ್ಷೆ ಮಾಡಿ ಸೋರುವ ಜಾಗವನ್ನು ವರದಿಯಲ್ಲಿ ಬರೆದುಕೊಡಿ. ಆ ಭಾಗವನ್ನು ಉಚಿತವಾಗಿ ಸರಿಪಡಿಸಿ, ಕಾಯಿಲ್ ಸೋರುತ್ತಿದ್ದರೆ ಬದಲಿಸಿ. ವ್ಯಾಕ್ಯೂಮ್ ಮಾಡಿದ ನಂತರ ಚೀಟಿಯಲ್ಲಿರುವಷ್ಟೇ ಗ್ಯಾಸ್ ತೂಕ ಮಾಡಿ ಹಾಕಿ. ಸೋರಿಕೆ ಹುಡುಕದೆ ಮತ್ತೆ ಗ್ಯಾಸ್ ಮಾತ್ರ ತುಂಬುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ. ದೂರು ವಾರಂಟಿಯೊಳಗೇ ದಾಖಲಾಗಿರುವುದರಿಂದ ಕೆಲಸ 5-4-2026ರ ನಂತರ ನಡೆದರೂ ಶುಲ್ಕ ಕೊಡುವುದಿಲ್ಲ. ಇಷ್ಟಾದರೂ ಅದೇ ದೋಷ ಮರಳಿದರೆ ಎಸಿ ಬದಲಿಸಿಕೊಡಬೇಕು ಅಥವಾ ಹಣ ಮರಳಿಸಬೇಕು.

ಮನೆಯಲ್ಲಿ ಹೃದ್ರೋಗಿ ಹಿರಿಯರಿದ್ದಾರೆ. ಪತ್ರ ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಉತ್ತರಿಸಿ. ಇಲ್ಲದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ."

ಮಾಳಮಡ್ಡಿ ಕಾಕಾ (ಧಾರವಾಡ)

ಚೆನ್ನಾಗಿದೆ ತಾಯಿ. ಯಾರನ್ನೂ ಬೈದಿಲ್ಲ, ಏನೂ ಬಿಟ್ಟಿಲ್ಲ. ಇ-ಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಬಿಲ್ಲು, ವಾರಂಟಿ ಕಾರ್ಡು, ಅಕ್ಟೋಬರ್‌ನ ಮೆಸೇಜು ಎಲ್ಲದರ ನಕಲು ಸೇರಿಸಿ, ಮೂಲ ಕಾಗದ ಕೊಡಬೇಡಿ. ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಆದೇಶ ಮಾಡಲಾರರು, ಆದರೆ ಕಂಪನಿಗೆ ದೂರು ಮುಟ್ಟಿಸುತ್ತಾರೆ. ಆಯೋಗಕ್ಕೆ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು.

ನವನಗರ ಹುಡುಗ

ಈಗಲೂ ಹೇಳುತ್ತೇನೆ, ಹೊಸ ಎಸಿ ಮಾತು ಮೊದಲೇ ಬರಬೇಕಿತ್ತು, ಕೊನೆಗಲ್ಲ. ಆ ಅಜ್ಜನ ಪರಿಸ್ಥಿತಿಗೆ ಕಾಯೋಕೆ ಸಮಯ ಎಲ್ಲಿದೆ?

ಕೇಶ್ವಾಪುರ ರೇಖಾ

ಇದರಲ್ಲಿ ನಾನು ಹುಡುಗನ ಕಡೆ. ಆದರೆ ಪತ್ರ ಕಳಿಸೋದು ತಡ ಮಾಡಬೇಡಿ ಅಕ್ಕ.

ಉಣಕಲ್ ಅಕ್ಕ

ಪತ್ರ ಕಳಿಸಿದ ಮೇಲಿನ ವಿಷಯ ಹೇಳುತ್ತೇನೆ. ಈ ಸಲ ಹುಡುಗನ ಜೊತೆ ಸೂಪರ್‌ವೈಸರ್ ಬಂದಿದ್ದರು, ನೈಟ್ರೋಜನ್ ಸಿಲಿಂಡರ್ ತಂದಿದ್ದರು. ನಟ್‌ಗಳಲ್ಲಿ ಗುಳ್ಳೆ ಬರಲಿಲ್ಲ. ಒಳಗಿನ ಯೂನಿಟ್ ಇಳಿಸಿ ನೋಡಿದಾಗ ಕಾಯಿಲ್‌ನ ಬಲಗಡೆ ಬಾಗಿದ ಜಾಗದಲ್ಲಿ ಸಣ್ಣ ಗುಳ್ಳೆಗಳು ಒಂದೇ ಸಮ ಏಳುತ್ತಿದ್ದವು. ಅಲ್ಲಿ ಎಣ್ಣೆ ಕಲೆಯೂ ಇತ್ತು. "ಒಳ ಕಾಯಿಲ್ ಲೀಕ್" ಅಂತ ಶೀಟಿನಲ್ಲಿ ಬರೆಸಿಕೊಂಡೆವು, ಫೋಟೋ ತೆಗೆದೆವು. ಒಟಿಪಿ ಕೊಟ್ಟಿಲ್ಲ.

ಸೂಪರ್‌ವೈಸರ್ ಹಿಂದಿನ ಬಾಗಿಲಿಂದ ನಾಲಾ ನೋಡಿ "ಇದು ಹೊರಗಿನ ವಾತಾವರಣದಿಂದ ಆದದ್ದು ಅಂತ ಮೇಲಿನವರು ಅನ್ನಬಹುದು" ಅಂದರು. ಕಾಯಿಲ್‌ಗೆ ಒಪ್ಪಿಗೆ ಕೇಳಿದ್ದಾರೆ, ಇನ್ನೂ ಬಂದಿಲ್ಲ.

ಹಳೇ ಮೆಕ್ಯಾನಿಕ್ (ಗೋಕುಲ ರೋಡ್)

ಕಾಯಿಲ್ ಬಾಗಿದ ಜಾಗದ ಹತ್ತಿರದ ಫೋಟೋ ಕಳಿಸಿ. ಗಟಾರ ಗ್ಯಾಸ್ ತಿಂದಿದ್ದರೆ ತಾಮ್ರ ಅಲ್ಲೊಂದೇ ಕಡೆ ಅಲ್ಲ, ಉದ್ದಕ್ಕೂ ಕಪ್ಪಾಗಿರುತ್ತದೆ. ಉಳಿದ ಪೈಪ್ ಹೊಳೆಯುತ್ತಿದ್ದು ಒಂದು ಬೆಸುಗೆಯಲ್ಲಿ ಮಾತ್ರ ಗುಳ್ಳೆ ಇದ್ದರೆ, ಅದು ಫ್ಯಾಕ್ಟರಿ ಬೆಸುಗೆಯ ದೋಷ ಅಂತ ವಾದ ಮಾಡಬಹುದು.

ಉಣಕಲ್ ಅಕ್ಕ

ಹಾಕಿದ್ದೇನೆ ಸರ್. ಬೆಸುಗೆ ಹತ್ತಿರವೇ ಇದೆ, ಆದರೆ ಪಕ್ಕದ ಎರಡು ಪೈಪೂ ಸ್ವಲ್ಪ ಕಪ್ಪಾಗಿವೆ.

ಹಳೇ ಮೆಕ್ಯಾನಿಕ್ (ಗೋಕುಲ ರೋಡ್)

ನೋಡಿದೆ. ಬೆಸುಗೆ ಹಾಕುವಾಗಿನ ಕಾವಿಗೂ ಪಕ್ಕದ ಪೈಪ್ ಅಷ್ಟು ಕಪ್ಪಾಗುತ್ತದೆ. ಫೋಟೋ ನೋಡಿ ಖಚಿತ ಹೇಳಲು ಬರುವುದಿಲ್ಲ.

ಮಾಳಮಡ್ಡಿ ಕಾಕಾ (ಧಾರವಾಡ)

ಹಾಗಾದರೆ ಆ ಹಳೇ ಕಾಯಿಲ್ ಬಿಚ್ಚಿದ ಮೇಲೆ ಅದರ ಎಲ್ಲಾ ಬದಿಯ ಫೋಟೋ ತೆಗೆಯದೆ ಮನೆಯಿಂದ ಹೊರಗೆ ಬಿಡಬೇಡಿ ತಾಯಿ. ವಾತಾವರಣ ಅಂತ ಹೇಳಿ ತಳ್ಳಿಹಾಕಿದರೆ, ವಾರಂಟಿ ಕಾರ್ಡಿನ ಯಾವ ಷರತ್ತಿನ ಮೇಲೆ ಅಂತ ಬರೆದುಕೊಡಲು ಇ-ಮೇಲ್‌ನಲ್ಲಿ ಕೇಳಿ. ಆ ಉತ್ತರ ಬಂದ ದಿನ ಕಾಗದಪತ್ರ ತೆಗೆದುಕೊಂಡು ಬನ್ನಿ, ದೂರಿನ ಅರ್ಜಿ ಕೂತು ಬರೆಯೋಣ.